ಹಳ್ಳಿಗೆ ವೈ-ಫೈ: ಪಂಚಾಯಿತಿಗೆ ಯೋಜನಾ ಪ್ರಸ್ತಾವ ಬರೆಯುವ ಕ್ರಮ



ಬೆಳೆ ಸಮೀಕ್ಷೆಯ ಚಿತ್ರವನ್ನು ತಮ್ಮ ಹೊಲದಲ್ಲೇ ನಿಂತು ತೆಗೆದು, ಅದನ್ನು ಕಳುಹಿಸಲು ಮೂರು ಮೈಲಿ ನಡೆದು ಗುಡ್ಡ ಹತ್ತಬೇಕಾದ ರೈತರು ಮಲೆನಾಡಿನ ಅಂಚಿನಲ್ಲಿ ಇನ್ನೂ ಇದ್ದಾರೆ. ಪಡಿತರದ ಅಂಗಡಿಯ ಹೆಬ್ಬೆಟ್ಟಿನ ಯಂತ್ರವನ್ನು ಸಿಗ್ನಲ್ ಸಿಗುವ ಮರದ ಬುಡಕ್ಕೆ ಹೊತ್ತೊಯ್ಯುವುದನ್ನೂ ತಾವು ಕಂಡಿರಬಹುದು. ಇಂಥ ಊರಿಗೆ, ಫೈಬರ್ ತಂತಿ ತಲುಪಿರುವ ಪಂಚಾಯಿತಿ ಕಚೇರಿಯಿಂದ ಗಾಳಿಯ ಮೂಲಕವೇ ಇಂಟರ್ನೆಟ್ಟನ್ನು ಹಾಯಿಸಿಕೊಂಡು, ಊರಿನಲ್ಲಿ ಎಲ್ಲರಿಗೂ ವೈ-ಫೈ ಒದಗಿಸುವುದು ಸಾಧ್ಯವಿದೆ. ಆದರೆ ಇದಕ್ಕಾಗಿ ಪಂಚಾಯಿತಿಗೆ ಸಲ್ಲಿಸುವ ಪ್ರಸ್ತಾವಗಳು ಬಹುಮಟ್ಟಿಗೆ ಮೊದಲ ಸಭೆಯಲ್ಲೇ ಬಿದ್ದುಹೋಗುತ್ತವೆ. ಅಂಗೀಕಾರವಾದವು ಮೊದಲ ಮಳೆಗಾಲದಲ್ಲಿ ಬೀಳುತ್ತವೆ. ಎರಡಕ್ಕೂ ಕಾರಣ ಒಂದೇ. ಪ್ರಸ್ತಾವದಲ್ಲಿ ಯಂತ್ರದ ಬೆಲೆ ಇರುತ್ತದೆ. ಮರ, ಕಂಬ, ಕರೆಂಟು ಮತ್ತು ಪ್ರತಿ ತಿಂಗಳ ಖರ್ಚು ಇರುವುದಿಲ್ಲ.

ನಾನು ಬೇಸಾಯಶಾಸ್ತ್ರದವನು, ರೇಡಿಯೋ ತಂತ್ರಜ್ಞನಲ್ಲ. ಕಾಫಿ ಸೀಮೆಯ ಒಂದು ಪಂಚಾಯಿತಿಯ ಕಟ್ಟಕಡೆಯ ಹಳ್ಳಿಯಲ್ಲಿ ನಮ್ಮದೊಂದು ಹವಾಮಾನ ಯಂತ್ರವಿತ್ತು. ಅದರ ಅಂಕಿಗಳನ್ನು ತಿಂಗಳಿಗೊಮ್ಮೆ ಜೀಪಿನಲ್ಲಿ ಹೋಗಿ ತರಬೇಕಾಗಿತ್ತು. ಹೀಗಾಗಿ ಆ ಊರಿನ ಹುಡುಗರು 2022ರ ಆಗಸ್ಟ್ ತಿಂಗಳಲ್ಲಿ ವೈ-ಫೈ ಪ್ರಸ್ತಾವ ಬರೆದಾಗ ನನ್ನನ್ನೂ ಸಭೆಗೆ ಕರೆದರು. ಆ ಪ್ರಸ್ತಾವ ಹೇಗೆ ಬಿತ್ತು, ಎರಡನೆಯದು ಹೇಗೆ ನಿಂತಿತು ಎಂಬುದನ್ನೇ ಇಲ್ಲಿ ವಿವರಿಸುತ್ತೇನೆ. ಊರಿನ ಹೆಸರು ಬೇಡ. ಅಳತೆಗಳು ಮಾತ್ರ ಅಲ್ಲಿಯವೇ.

ಸಭೆಯಲ್ಲಿ ಕೇಳಿದ ಮೂರು ಪ್ರಶ್ನೆ

ಮೊದಲ ಪ್ರಸ್ತಾವ ನಾಲ್ಕು ಪುಟವಿತ್ತು. ಮೂರೂವರೆ ಪುಟ ಇಂಟರ್ನೆಟ್ಟಿನ ಪ್ರಯೋಜನಗಳ ವರ್ಣನೆ. ಕೊನೆಯಲ್ಲಿ "ಉಪಕರಣಗಳಿಗೆ ರೂ. 72,000 ಮಂಜೂರು ಮಾಡಬೇಕಾಗಿ ವಿನಂತಿ" ಎಂಬ ಒಂದು ಸಾಲು. ಓದಿ ಮುಗಿದ ಮೇಲೆ ಹಿರಿಯ ಸದಸ್ಯರೊಬ್ಬರು ಕೇಳಿದರು: "ಅಲ್ಲಪ್ಪ, ಹನ್ನೆರಡು ಕಿಲೋಮೀಟರ್ ಗಾಳೀಲಿ ಬರುತ್ತೆ ಅಂತೀಯ. ನಡುವೆ ದಿಣ್ಣೆ ಮೇಲೆ ತೋಟ ಇದೆಯಲ್ಲ, ಅದನ್ನ ಹೆಂಗೆ ದಾಟುತ್ತೆ?" ಹುಡುಗ, "ದಾಟುತ್ತೆ ಗೌಡ್ರೇ, ಇಲ್ಲಿಂದ ನಿಂತು ನೋಡಿದ್ರೆ ನಮ್ಮೂರು ಕಾಣುತ್ತೆ" ಎಂದ. ಅದೇ ಹಳ್ಳಿಯಿಂದ ಆರಿಸಿ ಬಂದ ಸದಸ್ಯೆ, "ನಮ್ಮಲ್ಲಿ ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇರಲ್ಲ. ಗುಡುಗು ಬಂದ್ರೆ ಟಿವಿ ವೈರೇ ಕಿತ್ತಿಡ್ತೀವಿ. ಇದನ್ನ ಯಾರು ಕಿತ್ತಿಡೋರು?" ಎಂದು ಕೇಳಿದರು. ಅಧ್ಯಕ್ಷರು ಮೂರನೆಯ ಪ್ರಶ್ನೆ ಹಾಕಿದರು: "ಮುಂದಿನ ವರ್ಷದ ಬಿಲ್ಲು ಯಾರ ತಲೆ ಮೇಲೆ?"

ಒಂದಕ್ಕೂ ಉತ್ತರವಿರಲಿಲ್ಲ. ಹಾಗಾಗಿ ವಿಷಯ ಮುಂದೂಡಲ್ಪಟ್ಟಿತು. ಸದಸ್ಯರು ಅಡ್ಡಗಾಲು ಹಾಕಿದರೆಂದು ಹುಡುಗರು ಬೇಸರಪಟ್ಟರು. ನನಗೆ ಹಾಗೆನ್ನಿಸಲಿಲ್ಲ. ಇಂಥ ಕೊಂಡಿಗಳನ್ನು ದೇಶದಲ್ಲಿ ಮೊದಲು ಹಾಕಿದವರು ಅನುಭವದಿಂದ ಕಲಿತ ಪಾಠವೂ ಈ ಮೂರೇ.

ವೈ-ಫೈ ಎಂಬುದು ಮನೆಯೊಳಗೆ ನೂರು ಅಡಿ ಹೋಗಲೆಂದು ಮಾಡಿದ ವ್ಯವಸ್ಥೆ. ಅದನ್ನೇ ಡಿಶ್ ಆಂಟೆನಾ ಕಟ್ಟಿ ಒಂದೇ ದಿಕ್ಕಿಗೆ ಕೂಡಿಸಿ ಬಿಟ್ಟರೆ ಬಹುದೂರ ಹೋಗುತ್ತದೆಂದು 2000ದ ದಶಕದ ಆರಂಭದಲ್ಲಿ ಕಾನ್ಪುರದ ಐಐಟಿಯವರು ಗಂಗಾ ಬಯಲಿನಲ್ಲಿ ಮಾಡಿ ತೋರಿಸಿದರು. ತಮಿಳುನಾಡಿನ ತೇಣಿಯಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆಯವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ನೆರವಿನಿಂದ ಸುತ್ತಲಿನ ಊರುಗಳ ಕೇಂದ್ರಗಳನ್ನು ಈ ರೀತಿ ಜೋಡಿಸಿ, ರೋಗಿ ಅಲ್ಲೇ ಕುಳಿತು ವೈದ್ಯರೊಡನೆ ಮಾತನಾಡುವಂತೆ ಮಾಡಿದರು. ಹಿಮಾಲಯದ ಧರ್ಮಶಾಲೆಯಲ್ಲಿ ಏರ್‌ಜಲ್ದಿ ಎಂಬ ಸಂಸ್ಥೆ ಗುಡ್ಡದಿಂದ ಗುಡ್ಡಕ್ಕೆ ಕೊಂಡಿ ಹಾಕಿತು. ವೆನೆಜುವೆಲಾದಲ್ಲಿ 2007ರಲ್ಲಿ ಬೆಟ್ಟದಿಂದ ಬೆಟ್ಟಕ್ಕೆ 382 ಕಿಲೋಮೀಟರ್ ಹಾಯಿಸಿದ್ದೂ ಉಂಟು. ನಮ್ಮ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಬಳಿ ಜನಸ್ತು ಎಂಬ ಸಂಸ್ಥೆ ಊರವರದೇ ಆದ ವೈ-ಫೈ ಜಾಲವನ್ನು ಕಟ್ಟಿದೆ. ಆದ್ದರಿಂದ 12 ಕಿಲೋಮೀಟರ್ ಹೋಗುವುದೋ ಇಲ್ಲವೋ ಎಂಬುದು ಈಗ ಪ್ರಶ್ನೆಯಲ್ಲ. ವರ್ಷವಿಡೀ ನಿಲ್ಲುವುದೋ ಎಂಬುದು ಪ್ರಶ್ನೆ.

ಕಾಣುವುದು ಬೇರೆ, ಹಾಯುವುದು ಬೇರೆ

ಗೌಡರು ಕೇಳಿದ ದಿಣ್ಣೆಯ ಮಾತಿಗೆ ಮೊದಲು ಬರೋಣ. ಕಣ್ಣಿಗೆ ಎದುರು ಊರು ಕಾಣುವುದು ಅವಶ್ಯ, ಆದರೆ ಅಷ್ಟೇ ಸಾಲದು. ಕಣ್ಣಿನ ದೃಷ್ಟಿ ದಾರದಂತೆ ಹೋಗುತ್ತದೆ. ರೇಡಿಯೋ ಅಲೆಗಳು ಸೌತೇಕಾಯಿಯ ಆಕಾರದ ಜಾಗವನ್ನು ತುಂಬಿಕೊಂಡು ಹೋಗುತ್ತವೆ. ಎರಡು ತುದಿಗಳಲ್ಲಿ ಸಣ್ಣದು, ನಡುವೆ ದಪ್ಪ. ಈ ಜಾಗಕ್ಕೆ ಫ್ರೆನೆಲ್ ವಲಯವೆಂದು ಹೆಸರು. 12 ಕಿಲೋಮೀಟರ್ ದೂರಕ್ಕೆ, 5.8 ಗಿಗಾಹರ್ಟ್ಸ್ ಅಲೆಗೆ, ನಡುಮಧ್ಯದಲ್ಲಿ ಈ ಸೌತೇಕಾಯಿಯ ತ್ರಿಜ್ಯ ಸುಮಾರು 12 ಮೀಟರ್. ಅದರಲ್ಲಿ ಶೇಕಡಾ 60ರಷ್ಟಾದರೂ, ಅಂದರೆ ಏಳೂವರೆ ಮೀಟರ್, ದೃಷ್ಟಿರೇಖೆಯ ಕೆಳಗೆ ಖಾಲಿ ಇರಬೇಕು. ಇದರ ಮೇಲೆ ಭೂಮಿಯ ಉಬ್ಬೊಂದಿದೆ. ಇಷ್ಟು ದೂರಕ್ಕೆ ನಡುವೆ ಎರಡು ಮೀಟರಿನಷ್ಟು ಭೂಮಿ ಮೇಲೆದ್ದಂತೆ ಲೆಕ್ಕ ಹಿಡಿಯತಕ್ಕದ್ದು.

ನಮ್ಮ ಊರಿನ ಲೆಕ್ಕ ಹೀಗಿತ್ತು. ಪಂಚಾಯಿತಿ ಕಚೇರಿಯ ಪಕ್ಕದ ನೀರಿನ ಓವರ್‌ಹೆಡ್ ಟ್ಯಾಂಕ್ ಇರುವ ನೆಲ ಸಮುದ್ರಮಟ್ಟದಿಂದ 930 ಮೀಟರ್. ಟ್ಯಾಂಕಿನ ಎತ್ತರ 12 ಮೀಟರ್, ಅದರ ಮೇಲೆ 3 ಮೀಟರ್ ಪೈಪು, ಒಟ್ಟು 945. ಹಳ್ಳಿಯ ಶಾಲೆಯ ನೆಲ 905, ಅಲ್ಲಿ ಹುಡುಗರು ಯೋಚಿಸಿದ್ದ ಕಂಬ 12 ಮೀಟರ್, ಒಟ್ಟು 917. ಟ್ಯಾಂಕಿನಿಂದ 5 ಕಿಲೋಮೀಟರ್ ದೂರದಲ್ಲಿ ದಿಣ್ಣೆ, ಅದರ ನೆಲ 902. ಒಂದು ತುದಿಯಿಂದ ಇನ್ನೊಂದಕ್ಕೆ ನೇರಗೆರೆ ಎಳೆದರೆ, ದಿಣ್ಣೆಯ ಮೇಲೆ ಅದು 933 ಮೀಟರಿನಲ್ಲಿ ಹಾಯುತ್ತದೆ. ನೆಲಕ್ಕೂ ಗೆರೆಗೂ 31 ಮೀಟರ್ ಅಂತರವಿದೆ ಎಂದು ಕಾಗದದ ಮೇಲೆ ನೋಡಿದವರು ಸಂತೋಷಪಡುತ್ತಾರೆ. ಅದರಲ್ಲಿ ಭೂಮಿಯ ಉಬ್ಬಿಗೆ 2, ಅಲೆಗಳ ಜಾಗಕ್ಕೆ ಏಳೂವರೆ ಕಳೆಯಿರಿ. ಉಳಿಯುವುದು ಸುಮಾರು 22 ಮೀಟರ್.

ದಿಣ್ಣೆಯ ಮೇಲೆ ಕಾಫಿ ತೋಟ. ಕಾಫಿಗೆ ನೆರಳು, ಮೆಣಸಿಗೆ ಆಸರೆ ಎಂದು ಹಾಕಿದ ಸಿಲ್ವರ್ ಓಕ್ ಮರಗಳು. ನಾವು ಹೋಗಿ ಕೋಲು ಹಿಡಿದು ನೆರಳಿನ ಲೆಕ್ಕದಿಂದ ಅಳೆದಾಗ ಮರಗಳು 18 ಮೀಟರ್ ಇದ್ದವು. ನಾಲ್ಕು ಮೀಟರ್ ಮಿಗುತ್ತದಲ್ಲ ಎಂದು ಹುಡುಗರು ಹೇಳಿದರು. ಇಲ್ಲಿ ಬೇಸಾಯದವನ ಮಾತು ಬೇಕಾಯಿತು. ಎಳೆಯ ಸಿಲ್ವರ್ ಓಕ್ ಒಳ್ಳೆ ಮಳೆಯ ಸೀಮೆಯಲ್ಲಿ ವರ್ಷಕ್ಕೆ ಒಂದು ಮೀಟರಿಗೂ ಹೆಚ್ಚು ಏರುತ್ತದೆ. ತೋಟದವರು ಪಕ್ಕದ ರೆಂಬೆಗಳನ್ನು ಕಸಿ ಮಾಡುತ್ತಾರೆಯೇ ಹೊರತು ತುದಿಯನ್ನು ಕಡಿಯುವುದಿಲ್ಲ; ಅದು ಮುಂದೆ ನಾಟಾ ಆಗಬೇಕಾದ ಮರ. ಅಂದರೆ ಕೊಂಡಿ ಹಾಕಿದ ಮೂರನೆಯ ವರ್ಷ, ಯಾರ ತಪ್ಪೂ ಇಲ್ಲದೆ, ಅದು ಮಂಕಾಗತೊಡಗುತ್ತದೆ. ಒದ್ದೆ ಎಲೆಯಂತೂ ಈ ಅಲೆಗಳನ್ನು ಬಹಳವಾಗಿ ಹೀರುತ್ತದೆ. ಮಲೆನಾಡಿನ ಜಡಿಮಳೆಯ ಹನಿ ಸ್ವತಃ ಮಾಡುವ ನಷ್ಟ ಅಲ್ಪ. ದಾರಿಗೆ ಅಡ್ಡ ಬಂದ ನೆನೆದ ಎಲೆಯೇ ನಿಜವಾದ ತಡೆ.

ಮೂರು ಉಪಾಯಗಳಿದ್ದವು. ತೋಟದ ಮಾಲೀಕರನ್ನು ಮರದ ತುದಿ ಕಡಿಯಲು ಕೇಳುವುದು ಒಂದು. ಅವರು ಒಪ್ಪುತ್ತಿದ್ದರೋ ಏನೋ, ಆದರೆ ಊರಿನ ಇಂಟರ್ನೆಟ್ಟನ್ನು ಒಬ್ಬರ ದಾಕ್ಷಿಣ್ಯದ ಮೇಲೆ ನಿಲ್ಲಿಸುವುದು ನನಗೆ ಸರಿಕಾಣಲಿಲ್ಲ. ಟ್ಯಾಂಕನ್ನು ಬಿಟ್ಟು ಊರ ಹಿಂದಿನ ಗುಡ್ಡಕ್ಕೆ ಹೋಗುವುದು ಎರಡನೆಯದು. ದಾರಿ ಸಲೀಸು, ಆದರೆ ಅಲ್ಲಿ ಕರೆಂಟಿಲ್ಲ, ಕಾವಲಿಲ್ಲ. ಕೊನೆಗೆ ಎರಡೂ ತುದಿಗಳನ್ನು ಏರಿಸುವುದೆಂದು ತೀರ್ಮಾನಿಸಿದೆವು. ಟ್ಯಾಂಕಿನ ಮೇಲಿನ ಪೈಪನ್ನು 3ರಿಂದ 9 ಮೀಟರಿಗೆ, ಶಾಲೆಯ ಕಂಬವನ್ನು 12ರಿಂದ 21 ಮೀಟರಿಗೆ. ಇದರಿಂದ ದಿಣ್ಣೆಯ ಮೇಲೆ ಗೆರೆ ಏಳು ಮೀಟರ್ ಮೇಲೇರಿತು. ಈಗ ಮರಗಳಿಗೆ ಬೆಳೆಯಲು ಹನ್ನೊಂದು ಮೀಟರ್ ಜಾಗವಿದೆ. ಅಷ್ಟು ಬೆಳೆಯುವುದರೊಳಗೆ ಈ ಯಂತ್ರಗಳ ಆಯುಸ್ಸೇ ಮುಗಿದಿರುತ್ತದೆ.

ತಾವು ಪ್ರಸ್ತಾವ ಬರೆಯುವಾಗ ಈ ಪುಟವನ್ನು ಮನೆಯಲ್ಲಿ ಕುಳಿತು ಬರೆಯಬೇಡಿ. ಭೂಪಟದಲ್ಲಿ, ಇಲ್ಲವೇ ಮೊಬೈಲಿನ ಉಪಗ್ರಹ ನಕ್ಷೆಯಲ್ಲಿ ನೆಲದ ಎತ್ತರ ಸಿಗುತ್ತದೆ; ಮರದ ಎತ್ತರ ಸಿಗುವುದಿಲ್ಲ. ದಾರಿಯ ನಡುವಿನ ಎತ್ತರದ ಜಾಗಕ್ಕೆ ಹೋಗಿ ಮರ ಯಾವುದು, ವಯಸ್ಸೆಷ್ಟು, ಯಾರದು, ಕಡಿಯುವುದು ಯಾವಾಗ ಎಂದು ಬರೆದುಕೊಳ್ಳಿ. ಈ ವರ್ಷ ನಾಟಿಯಾದ ನೀಲಗಿರಿ, ಸರ್ವೆ ತೋಪುಗಳನ್ನೂ ಬಿಡಬೇಡಿ. ಎದುರು ತುದಿ ಕಾಣುವುದೋ ಎಂದು ನೋಡಲು ಹಳೆಯ ಉಪಾಯವೇ ಸಾಕು: ಮೋಡವಿಲ್ಲದ ಬೆಳಿಗ್ಗೆ ಆ ತುದಿಯಲ್ಲೊಬ್ಬರು ಮುಖ ನೋಡುವ ಕನ್ನಡಿಯಿಂದ ಬಿಸಿಲನ್ನು ಇತ್ತ ಹಾಯಿಸಲಿ. ಹನ್ನೆರಡು ಕಿಲೋಮೀಟರಿಗೂ ಆ ಮಿಂಚು ಚೆನ್ನಾಗಿ ಕಾಣುತ್ತದೆ.

ಯಂತ್ರ ಕೂರಿಸುವಾಗ ನೋಡಬೇಕಾದ್ದು

5.8 ಗಿಗಾಹರ್ಟ್ಸಿನ ಈ ಅಲೆಗಳಿಗೆ ಪ್ರತ್ಯೇಕ ತರಂಗ ಪರವಾನಗಿ ಬೇಡವೆಂದು ಕೇಂದ್ರ ಸರ್ಕಾರ 2018ರಲ್ಲಿ ವಿಸ್ತಾರವಾಗಿ ಸಡಿಲಿಸಿದೆ. ಆದರೆ ಬಿಡುವ ಶಕ್ತಿಗೆ ಮಿತಿಯುಂಟು. ಡಿಶ್ಶಿನಿಂದ ಹೊರಬೀಳುವ ಬಲವೂ ಸೇರಿ 4 ವ್ಯಾಟಿಗೆ ಸಮನಾಗಿ ಲೆಕ್ಕ ಹಾಕತಕ್ಕದ್ದು. ಸರ್ಕಾರದ ಮಾನ್ಯತೆಯ ಪತ್ರವಿರುವ ಯಂತ್ರವನ್ನೇ ಕೊಳ್ಳಬೇಕು.

ಈ ಮಿತಿಯೊಳಗೆ, ಸುಮಾರು ಎರಡಡಿ ಅಗಲದ ಡಿಶ್ಶಿನಿಂದ 12 ಕಿಲೋಮೀಟರಿಗೆ ಎಷ್ಟು ಸಿಗ್ನಲ್ ಬರಬೇಕೆಂಬುದನ್ನು ಮೊದಲೇ ಲೆಕ್ಕ ಹಾಕಬಹುದು. ನಮ್ಮ ಲೆಕ್ಕದಲ್ಲಿ ಅದು ಮೈನಸ್ 63 ಡಿಬಿಎಂ ಬಂತು. ಈ ಸಂಖ್ಯೆಯನ್ನು ಪ್ರಸ್ತಾವದಲ್ಲೇ ಬರೆದುಬಿಡಿ. ಯಂತ್ರ ಕೂರಿಸುವವನಿಗೆ ಹಣ ಕೊಡುವ ಮುಂಚೆ ಪರದೆಯ ಮೇಲೆ ಅದೇ ಅಂಕಿ, ಒಂದೆರಡು ಹೆಚ್ಚುಕಡಿಮೆಯಾಗಿ, ಬಂದಿದೆಯೇ ನೋಡಬೇಕು. ಮೂರು ಅಂಕಿ ಕೆಳಗಿಳಿದರೆ ಸಿಗ್ನಲ್ ಅರ್ಧವಾಯಿತೆಂದು ತಿಳಿಯಿರಿ. 63ರ ಬದಲು 75 ಇದ್ದರೆ ಹದಿನಾರನೆಯ ಒಂದು ಪಾಲು ಮಾತ್ರ ಬರುತ್ತಿದೆ. ಆದರೂ ಬಿಸಿಲಿನ ದಿನ ಅದು ಕೆಲಸ ಮಾಡುತ್ತದೆ! ಕೂರಿಸಿದವನು ಹಣ ಪಡೆದು ಹೋಗುತ್ತಾನೆ, ಮಳೆಗಾಲದಲ್ಲಿ ಕೊಂಡಿ ಬೀಳುತ್ತದೆ. ಇದಕ್ಕೆ ಸಾಮಾನ್ಯ ಕಾರಣವೆಂದರೆ, ಡಿಶ್ಶಿನ ಮುಖ್ಯ ಬೆಳಕಿನ ಪಕ್ಕದಲ್ಲಿ ಸಣ್ಣ ಸಣ್ಣ ಅಡ್ಡ ಕಿರಣಗಳಿರುತ್ತವೆ. ಅಂಥದೊಂದಕ್ಕೆ ಹೊಂದಿಸಿ 'ಸಿಕ್ಕಿತು' ಎಂದು ಬೋಲ್ಟ್ ಬಿಗಿದಿರುತ್ತಾರೆ. ಡಿಶ್ಶನ್ನು ಎಡಕ್ಕೂ ಬಲಕ್ಕೂ ಸಾಕಷ್ಟು ತಿರುಗಿಸಿ, ಸಣ್ಣ ಏರುಗಳನ್ನು ದಾಟಿ ದೊಡ್ಡ ಏರನ್ನು ಹುಡುಕಬೇಕು. ಒಂದು ತುದಿ ಅಲುಗಾಡದಿರುವಾಗ ಇನ್ನೊಂದನ್ನು ಹೊಂದಿಸಬೇಕು. ಬೋಲ್ಟ್ ಬಿಗಿಯುವಾಗಲೂ ಅಂಕಿಯ ಮೇಲೆ ಕಣ್ಣಿರಲಿ, ಬಿಗಿಯುವ ರಭಸಕ್ಕೇ ಡಿಶ್ ಸರಿಯುತ್ತದೆ.

ಇನ್ನೊಂದು ವಿಚಿತ್ರ ತೊಂದರೆ. ಸಿಗ್ನಲ್ ಭರ್ಜರಿಯಾಗಿದೆ, ಆದರೆ ವೇಗ ಇಲ್ಲ. ಇದೇಕೆಂದರೆ, ವೈ-ಫೈ ಯಂತ್ರ ಪ್ರತಿಯೊಂದು ತುಣುಕು ಸುದ್ದಿಯನ್ನು ಕಳುಹಿಸಿ ಎದುರಿನವನ "ಓ" ಎಂಬ ಉತ್ತರಕ್ಕೆ ಕಾಯುತ್ತದೆ. ಮನೆಯೊಳಗಿನ ಯಂತ್ರಕ್ಕೆ ಉತ್ತರ ತಕ್ಷಣ ಬಂದೇ ಅಭ್ಯಾಸ. 12 ಕಿಲೋಮೀಟರ್ ಹೋಗಲು ಅಲೆಗೆ ಸೆಕೆಂಡಿನ ಹತ್ತು ಲಕ್ಷ ಭಾಗದಲ್ಲಿ 40 ಭಾಗ ಬೇಕು, ಹಿಂದಿರುಗಲು ಮತ್ತೆ 40. ಅಷ್ಟರಲ್ಲಿ ಈ ಕಡೆಯದು ತಾಳ್ಮೆಗೆಟ್ಟು, ಉತ್ತರ ಬರಲಿಲ್ಲವೆಂದು ಅದನ್ನೇ ಮತ್ತೆ ಕಳುಹಿಸುತ್ತದೆ. ಹೊಲದ ಆಚೆ ಬದುವಿನಿಂದ ಕೂಗಿದವನು ಓಗೊಡುವ ಮೊದಲೇ ಮತ್ತೆ ಕೂಗಿದ ಹಾಗೆ. ಯಂತ್ರದಲ್ಲಿ ದೂರವನ್ನು ನಮೂದಿಸಿದರೆ, ಇಲ್ಲವೇ ಸರದಿಯ ಮೇಲೆ ಮಾತನಾಡುವ ಕ್ರಮವಿರುವ ಯಂತ್ರ ಕೊಂಡರೆ, ಇದು ನಿವಾರಣೆಯಾಗುತ್ತದೆ. ತೇಣಿಯ ಕೆಲಸದಲ್ಲಿ ಮುಖ್ಯವಾಗಿ ಸರಿಪಡಿಸಿದ್ದು ಇದನ್ನೇ.

ಕರೆಂಟು ಮತ್ತು ಸಿಡಿಲು

ಸದಸ್ಯೆಯವರ ಪ್ರಶ್ನೆ ಎಲ್ಲಕ್ಕಿಂತ ತೂಕದ್ದು. ತೇಣಿ ಮತ್ತು ಧರ್ಮಶಾಲೆಗಳಲ್ಲಿ ವರ್ಷಗಟ್ಟಲೆ ಜಾಲಗಳನ್ನು ನಡೆಸಿದವರು ಬರೆದಿರುವುದನ್ನು ಓದಿದರೆ, ಯಂತ್ರಗಳು ಕೆಟ್ಟದ್ದಕ್ಕೆ ಬಹುಪಾಲು ಕಾರಣ ಕಳಪೆ ವಿದ್ಯುತ್ತೇ. ಪಂಪ್‌ಸೆಟ್ ಸುಟ್ಟ ಅನುಭವವಿರುವ ತಮಗೆ ಇದನ್ನು ವಿವರಿಸಬೇಕಾಗಿಲ್ಲ. ಹೋದ ಕರೆಂಟಿಗಿಂತ, ಬರುವಾಗ ಏರಿ ಬರುವ ಕರೆಂಟು ಕೇಡು.

ನಮ್ಮ ಪ್ರಸ್ತಾವದಲ್ಲಿ ಹಾಕಿದ ನಿಯಮ ಸರಳ: ಯಾವ ಯಂತ್ರವೂ ಲೈನಿನ ಕರೆಂಟಿನಿಂದ ನೇರವಾಗಿ ನಡೆಯಕೂಡದು. ಲೈನು ಬ್ಯಾಟರಿಗೆ ಮಾತ್ರ ಊಡಿಸಬೇಕು, ಬ್ಯಾಟರಿ ಯಂತ್ರಕ್ಕೆ ಕೊಡಬೇಕು. ಹಳ್ಳಿಯ ತುದಿಯಲ್ಲಿ ಎಲ್ಲ ಯಂತ್ರಗಳೂ ಸೇರಿ 30 ವ್ಯಾಟ್ ಎಳೆಯುತ್ತವೆ. 12 ವೋಲ್ಟಿನ 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1,800 ವ್ಯಾಟ್-ಗಂಟೆ ಇದೆ. ಅರ್ಧ ಮಾತ್ರ ಬಳಸಿದರೆ ಬ್ಯಾಟರಿ ಬಾಳುತ್ತದೆ. 900ನ್ನು 30ರಿಂದ ಭಾಗಿಸಿ, 30 ಗಂಟೆ. ಎರಡು ದಿನ ಪೂರ್ತಿ ಕರೆಂಟಿಲ್ಲದಿದ್ದರೆ ಇದು ಸಾಲದು ಎಂಬುದನ್ನೂ ಮುಚ್ಚಿಡದೆ ಬರೆದೆವು. ಆಗ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ನಿಲ್ಲಿಸುವುದೆಂದು ಸಭೆಯೇ ಒಪ್ಪಿತು. ಬ್ಯಾಟರಿ ತೀರ ಇಳಿದಾಗ ತಾನಾಗಿ ಸಂಪರ್ಕ ಕಡಿಯುವ ಸಾಧನವೊಂದು ಕಡ್ಡಾಯ. ಅದಿಲ್ಲದಿದ್ದರೆ ಬ್ಯಾಟರಿ ಸಾಯುವುದಲ್ಲದೆ, ಅರೆ ವೋಲ್ಟೇಜಿನಲ್ಲಿ ಯಂತ್ರ ಸತ್ತೂ ಸಾಯದೆ ದೀಪ ಉರಿಸಿಕೊಂಡು ಸುಮ್ಮನೆ ನಿಂತುಬಿಡುತ್ತದೆ.

ಸಿಡಿಲಿಗೆ ಪೂರ್ಣ ರಕ್ಷಣೆ ಯಾರೂ ಕೊಡಲಾರರು. ಕಂಬಕ್ಕೆ ನೇರ ಬಡಿದರೆ ಯಂತ್ರ ಹೋಯಿತೆಂದೇ ಲೆಕ್ಕ. ಅಕ್ಕಪಕ್ಕ ಬಡಿದಾಗ ತಂತಿಯಲ್ಲಿ ನುಗ್ಗುವ ಏಟಿನಿಂದ ಉಳಿಸಬಹುದು. ಇದಕ್ಕಾಗಿ ಕಂಬಕ್ಕೆ ಪ್ರತ್ಯೇಕ ಅರ್ಥಿಂಗ್ ಗುಂಡಿ, ಲೋಹದ ಹೊದಿಕೆಯ ಕೇಬಲ್, ಕೇಬಲಿನ ಎರಡೂ ಕೊನೆಗಳಲ್ಲಿ ಏಟು ತಡೆಯುವ ಡಬ್ಬಿ. ಬೇಸಿಗೆಯಲ್ಲಿ ಗುಂಡಿ ಒಣಗಿದರೆ ಅರ್ಥಿಂಗ್ ಇಲ್ಲದಂತೆಯೇ, ಮತ್ತು ಮುಂಗಾರು ಪೂರ್ವದ ಸಿಡಿಲುಗಳು ಬರುವುದು ಆ ಸಮಯದಲ್ಲೇ. ಏಪ್ರಿಲ್ ತಿಂಗಳಲ್ಲಿ ಎರಡು ಕೊಡ ನೀರು ಹೊಯ್ಯುವ ಕೆಲಸವನ್ನೂ ಒಬ್ಬರ ಹೆಸರಿಗೆ ಬರೆಯಿರಿ.

ದುಡ್ಡಿನ ಪುಟ

ಎರಡನೆಯ ಪ್ರಸ್ತಾವದ ಮೊತ್ತ ರೂ. 2,72,000 ಆಯಿತು. ಎರಡೂ ಕಡೆಯ ಕಂಬ, ಬಿಗಿತಂತಿ, ಕಾಂಕ್ರೀಟು 96,000. ಬ್ಯಾಟರಿ, ಚಾರ್ಜರ್ 44,000. ದೂರದ ಕೊಂಡಿಯ ಎರಡು ರೇಡಿಯೋ 36,000. ಊರೊಳಗಿನ ನಾಲ್ಕು ವೈ-ಫೈ ಯಂತ್ರ 36,000. ಅರ್ಥಿಂಗ್ ಮತ್ತು ಏಟುತಡೆ 22,000. ಕೇಬಲು, ಪೆಟ್ಟಿಗೆ 14,000. ಕೂಲಿ, ಸಾಗಣೆ 24,000. ಊರಿನ ಹೆಸರಿನಲ್ಲಿ ಹೆಮ್ಮೆಯಿಂದ ತೋರಿಸುವ ಆ ದೂರದ ರೇಡಿಯೋಗಳು ಒಟ್ಟಿನಲ್ಲಿ ಏಳನೆಯ ಒಂದು ಪಾಲೂ ಇಲ್ಲವೆಂಬುದನ್ನು ಗಮನಿಸಿ. ಮೊದಲ ಪ್ರಸ್ತಾವದ 72,000 ಎಂಬುದು ರೇಡಿಯೋ ಮತ್ತು ವೈ-ಫೈ ಯಂತ್ರಗಳ ಬೆಲೆಯಷ್ಟೇ ಆಗಿತ್ತು.

ಆದರೆ ಸಭೆಯಲ್ಲಿ ಚರ್ಚೆಯಾದದ್ದು ಈ ದೊಡ್ಡ ಮೊತ್ತವಲ್ಲ, ತಿಂಗಳ ಖರ್ಚು. ಇಂಟರ್ನೆಟ್ ಬಿಲ್ಲು 1,500, ನೋಡಿಕೊಳ್ಳುವವರಿಗೆ 3,000, ವಿದ್ಯುತ್ 400. ಇಷ್ಟಕ್ಕೆ ನಿಲ್ಲಿಸುವುದು ವಾಡಿಕೆ, ತಪ್ಪೂ ಅದೇ. ನಾಲ್ಕು ವರ್ಷಕ್ಕೆ ಬ್ಯಾಟರಿ, ಐದು ವರ್ಷಕ್ಕೆ ಯಂತ್ರ ಬದಲಾಗಬೇಕು. ಕೇಬಲು, ಏಟುತಡೆ ಸವೆಯುತ್ತವೆ. ಇವುಗಳ ಬೆಲೆಯನ್ನು ತಿಂಗಳಿಗೆ ಹಂಚಿದರೆ 2,200. ಒಟ್ಟು ರೂ. 7,100. ಎತ್ತಿನ ಜೋಡಿ ಕೊಂಡವನು ಮುಂದಿನ ಜೋಡಿಗೆ ಇಂದಿನಿಂದಲೇ ಎತ್ತಿಡುವ ಹಾಗೆ ಇದು.

ಆದಾಯ: ಊರಿನಲ್ಲಿ 90 ಮನೆ, ವೈ-ಫೈ ತಲುಪುವುದು 60ಕ್ಕೆ, ಹಣ ಕೊಡುವವು 40 ಎಂದು ಹಿಡಿದೆವು. ತಿಂಗಳಿಗೆ 150ರಂತೆ 6,000. ಹಾಲಿನ ಸಂಘ 300, ಶಾಲೆ, ಅಂಗನವಾಡಿ, ಗ್ರಂಥಾಲಯಗಳ ಪರವಾಗಿ ಪಂಚಾಯಿತಿ 800. ಸರಿಹೊಂದಿತು. ಆದರೆ 40ರ ಬದಲು 25 ಮನೆಯವರೇ ಕೊಟ್ಟರೆ? ತಿಂಗಳಿಗೆ 2,250 ಕೊರತೆ. ಮೊದಲ ಹನ್ನೆರಡು ತಿಂಗಳು 2,500ರವರೆಗಿನ ಕೊರತೆಯನ್ನು ತನ್ನ ಸ್ವಂತ ಸಂಪನ್ಮೂಲದಿಂದ ಭರಿಸುವುದಾಗಿ, ಆಮೇಲೂ ಹೀಗೇ ಇದ್ದರೆ ಗ್ರಾಮಸಭೆಯ ಮುಂದಿಟ್ಟು ನಿಲ್ಲಿಸುವುದಾಗಿ ಪಂಚಾಯಿತಿ ಠರಾವು ಮಾಡಿತು. ನಿಲ್ಲಿಸುವ ಷರತ್ತನ್ನು ಬರೆದದ್ದರಿಂದಲೇ ಸದಸ್ಯರಿಗೆ ಧೈರ್ಯ ಬಂತೆಂದು ನನ್ನ ಎಣಿಕೆ.

ಹಣ ತೆಗೆದುಕೊಂಡು ಇಂಟರ್ನೆಟ್ ಹಂಚುವುದಕ್ಕೆ ಕಾನೂನಿನ ದಾರಿ ಬೇಕು. ಮನೆಯ ಕನೆಕ್ಷನ್ ತಂದು ಊರಿಗೆ ಮಾರುವಂತಿಲ್ಲ. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಕ್ರಮದಲ್ಲಿ, ಪರವಾನಗಿ ಶುಲ್ಕವಿಲ್ಲದೆ ಯಾರು ಬೇಕಾದರೂ 'ಪಬ್ಲಿಕ್ ಡೇಟಾ ಆಫೀಸ್' ಆಗಿ ವೈ-ಫೈ ಮಾರಬಹುದು. ಬಳಸಿದವರ ಲೆಕ್ಕ ಮತ್ತು ಗುರುತನ್ನು ಮೇಲಿನ ಸಂಸ್ಥೆಯೊಂದು ನೋಡಿಕೊಳ್ಳುತ್ತದೆ. ಇದನ್ನು ಇಂಗ್ಲಿಷಿನಲ್ಲಿ ಚಿಕ್ಕದಾಗಿ ಪಿಡಿಓ ಎನ್ನುತ್ತಾರೆ! "ಪಿಡಿಓ ಆಗಲು ಯಾವ ಅರ್ಹತೆಯೂ ಬೇಡ" ಎಂದು ಹುಡುಗರು ಓದಿದಾಗ ನಮ್ಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗಳ ಮುಖ ನೋಡುವಂತಿತ್ತು. ಪ್ರಸ್ತಾವದಲ್ಲಿ ಹೆಸರನ್ನು ಪೂರ್ತಿಯಾಗಿಯೇ ಬರೆಯಿರಿ. ದೂರದ ಕೊಂಡಿಯ ವಿಷಯದಲ್ಲಿ, ಇಂಟರ್ನೆಟ್ ಕೊಡುವ ಪರವಾನಗಿದಾರರಿಂದ ಲಿಖಿತ ಒಪ್ಪಿಗೆ ಪಡೆದು ಲಗತ್ತಿಸುವುದು ಕ್ಷೇಮ.

ಇಲ್ಲೊಂದು ತೊಡಕು. ಪಿಎಂ-ವಾಣಿಗೆ ಸೇರುವವರು ಮೊದಲ ಬಾರಿ ಮೊಬೈಲಿಗೆ ಬರುವ ಓಟಿಪಿಯಿಂದ ಗುರುತು ಖಾತ್ರಿ ಮಾಡಿಕೊಳ್ಳಬೇಕು. ಸಿಗ್ನಲ್ಲೇ ಇಲ್ಲದ ಊರಿಗೆ ಓಟಿಪಿ ಬರುವುದೆಲ್ಲಿಂದ? ಇದು ನಮಗೆ ಹೊಳೆದದ್ದು ತಡವಾಗಿ. ಸಂತೆಯ ದಿನ ಪೇಟೆಯಲ್ಲಿ ಒಬ್ಬ ಹುಡುಗನನ್ನು ಕೂರಿಸಿ, ಬಂದವರಿಗೆಲ್ಲ ಅಲ್ಲಿಯೇ ನೋಂದಣಿ ಮಾಡಿಸಿದೆವು.

ಇಷ್ಟೆಲ್ಲ ಮಾಡುವ ಮೊದಲು ವಿಚಾರಿಸಬೇಕಾದ್ದು ಒಂದಿದೆ. ಸಂಪರ್ಕವಿಲ್ಲದ ಹಳ್ಳಿಗಳಿಗೆ 4ಜಿ ಟವರ್ ಹಾಕುವ ಯೋಜನೆಗೆ 2022ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ತಮ್ಮ ಊರು ಆ ಪಟ್ಟಿಯಲ್ಲಿದ್ದು ಕೆಲಸ ಶುರುವಾಗಿದ್ದರೆ, ಪಂಚಾಯಿತಿಯ ಹಣವನ್ನು ಕಂಬಕ್ಕೆ ಹಾಕಬೇಡಿ. ಮನೆಗಳು ಅಡಿಕೆ ತೋಟಗಳ ನಡುವೆ ಚದುರಿರುವ ಊರಿಗೂ ಇದು ಒಗ್ಗದು. ಊರೊಳಗಿನ ವೈ-ಫೈ ಬಯಲಿನಲ್ಲಿ ನೂರು ಮೀಟರ್ ಹೋಗುತ್ತದೆ. ಅಡಿಕೆ ಸಾಲುಗಳ ನಡುವೆ ಅಷ್ಟೂ ಹೋಗುವುದಿಲ್ಲ.

ದಾಖಲೆ ಪುಸ್ತಕ

ನೋಡಿಕೊಳ್ಳುವವರು ಯಾರೆಂಬುದನ್ನು ಹುದ್ದೆಯ ಹೆಸರಿನಲ್ಲಲ್ಲ, ವ್ಯಕ್ತಿಯ ಹೆಸರಿನಲ್ಲಿ ಬರೆಯಿರಿ. ಟ್ಯಾಂಕಿನ ತುದಿಗೆ ನಾವು ನೀರುಗಂಟಿಯನ್ನೇ ಕೇಳಿಕೊಂಡೆವು. ಅವರು ಹೇಗೂ ದಿನಾ ಅಲ್ಲಿಗೆ ಹೋಗುತ್ತಾರೆ. ಹಳ್ಳಿಯ ತುದಿಗೆ ಐಟಿಐ ಓದಿದ ಒಬ್ಬ ಹುಡುಗ. ಸಂಬಳದ 3,000 ಇಬ್ಬರಿಗೂ ಸಮಪಾಲು. ಅವರ ಕೆಲಸ ಮುಖ್ಯವಾಗಿ ಒಂದೇ: ಬೆಳಿಗ್ಗೆ ಎಂಟಕ್ಕೂ ಸಂಜೆ ಐದಕ್ಕೂ ಸಿಗ್ನಲಿನ ಅಂಕಿ, ಬ್ಯಾಟರಿಯ ವೋಲ್ಟೇಜು, ಮಳೆ ಗಾಳಿಯ ವಿವರವನ್ನು ಪುಸ್ತಕದಲ್ಲಿ ಬರೆಯುವುದು.

ಎಲೆಯ ಬಣ್ಣ ನೋಡಿ ಗಿಡಕ್ಕೇನು ಕೊರತೆಯೆಂದು ಹೇಳುವಂತೆ, ಈ ಪುಸ್ತಕ ನೋಡಿ ಕೊಂಡಿಯ ರೋಗ ಹೇಳಬಹುದು. ತಿಂಗಳಿಂದ ತಿಂಗಳಿಗೆ ಒಂದೊಂದೇ ಅಂಕಿ ಇಳಿಯುತ್ತಿದ್ದರೆ ಮರ ಬೆಳೆಯುತ್ತಿದೆ. ಮಳೆಯಲ್ಲಿ ಇಳಿದು, ಬಿಸಿಲು ಬಂದ ಮೇಲೂ ಏರದಿದ್ದರೆ ಕೇಬಲಿನ ಕೂಡುಜಾಗದಲ್ಲಿ ನೀರು ಸೇರಿದೆ. ಕೇಬಲನ್ನು ಯಂತ್ರಕ್ಕಿಂತ ಕೆಳಗೆ ಜೋತುಬಿಟ್ಟು ಮತ್ತೆ ಮೇಲೆ ತಂದು ಜೋಡಿಸಿದ್ದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತಿತ್ತು. ಬೆಳಿಗ್ಗೆ ಸರಿಯಿದ್ದು, ಗಾಳಿ ಎದ್ದಾಗ ಮಾತ್ರ ಅಂಕಿ ಕುಣಿದರೆ ಕಂಬ ತಿರುಚುತ್ತಿದೆ. ಡಿಶ್ಶಿನ ಬೆಳಕು ಕಿರಿದಾದ್ದರಿಂದ ಮೂರು ಡಿಗ್ರಿ ತಿರುಗಿದರೂ ಅರ್ಧ ಬಲ ಹೋಗುತ್ತದೆ. ಒಂದು ಡಿಗ್ರಿಯೇ 12 ಕಿಲೋಮೀಟರ್ ಆಚೆಗೆ ಇನ್ನೂರು ಮೀಟರ್ ಆಗುತ್ತದೆ.

2023ರ ಜನವರಿಯಲ್ಲಿ ಠರಾವಾಯಿತು. ಫೆಬ್ರವರಿಯಲ್ಲಿ ಕಂಬದ ಕಾಂಕ್ರೀಟು, ಏಪ್ರಿಲಿನಲ್ಲಿ ಯಂತ್ರ. ಪರದೆಯ ಮೇಲೆ ಬಂದದ್ದು 64. ಕಂಬ ಮತ್ತು ಯಂತ್ರ ಕೂರಿಸಿದವರಿಗೆ ಕೊಡಬೇಕಾದ ಹಣದಲ್ಲಿ ಕಾಲುಭಾಗವನ್ನು, ಒಂದು ಮಳೆಗಾಲದ ಪುಸ್ತಕ ನೋಡಿದ ಮೇಲೆ ಕೊಡುವುದೆಂದು ಪಂಚಾಯಿತಿ ಹಿಡಿದಿಟ್ಟಿತು. ಜುಲೈ ಎರಡನೆಯ ವಾರ ಅಂಕಿ 71ಕ್ಕೆ ಇಳಿಯಿತು. ಸಂಜೆ ಗಾಳಿಗೆ 76, ಬೆಳಿಗ್ಗೆ ಮತ್ತೆ 71. ಹುಡುಗರು ದಿಣ್ಣೆಯ ಮರವನ್ನು ಬೈದರು. ನೀರುಗಂಟಿ ತಮ್ಮ ತುದಿಯ ಪುಸ್ತಕ ತೆಗೆದು, "ಮರ ಒಂದೇ ವಾರಕ್ಕೆ ಬೆಳೆಯುತ್ತಾ ಸಾರ್?" ಎಂದರು. ಶಾಲೆಯ ಕಂಬದ ಒಂದು ಬಿಗಿತಂತಿಯ ಗೂಟ ನೆನೆದ ಮಣ್ಣಿನಲ್ಲಿ ಸಡಿಲವಾಗಿ ಅರ್ಧ ಅಡಿ ಮೇಲೆ ಬಂದಿತ್ತು. ಹಿಡಿದಿಟ್ಟ ಹಣ ಇದ್ದುದರಿಂದ ಕೂರಿಸಿದವರು ಮೂರನೆಯ ದಿನವೇ ಬಂದು, ಗುಂಡಿಯನ್ನು ಆಳ ಮಾಡಿ ಕಾಂಕ್ರೀಟು ತುಂಬಿ, ತಂತಿ ಎಳೆದು, ಡಿಶ್ಶನ್ನು ಹೊಸದಾಗಿ ಹೊಂದಿಸಿದರು. ಆ ದಿನ ಸಂಜೆ ಐದರ ಕಾಲಮಿನಲ್ಲಿ 63 ಎಂದು ಬರೆದಿದೆ, ಪಕ್ಕದಲ್ಲಿ "ಜೋರು ಮಳೆ" ಎಂದೂ.